ನೀರಿನ ಬಾಟಲಿಯಲ್ಲಿ ಕ್ಲೀನರ್: ಮೇಲೆ ಹೆಸರು ಬರೆದರೆ ಸಾಲದಾ?

ಪ್ರಶ್ನೆ: ಡಾಕ್ಟ್ರೇ, ನಾವು ಫ್ಲೋರ್ ಕ್ಲೀನರ್, ಬ್ಲೀಚ್, ಡ್ರೈನ್ ಕ್ಲೀನರ್ ಎಲ್ಲವನ್ನೂ ದೊಡ್ಡ ಕ್ಯಾನ್‌ನಲ್ಲಿ ತಂದು, ಖಾಲಿ ನೀರಿನ ಬಾಟಲಿಗೆ ಸುರಿದು ಸಿಂಕ್ ಕೆಳಗೆ ಇಟ್ಕೋತೀವಿ. ಮೇಲೆ ಪೆನ್ನಲ್ಲಿ ಹೆಸರು ಬರೆದಿರ್ತೀವಿ. ಹೋದ ವಾರ ನಮ್ಮ ಮಾವ ಕನ್ನಡಕ ಹಾಕಿಕೊಳ್ಳದೆ ಫ್ಲೋರ್ ಕ್ಲೀನರ್ ಬಾಟಲಿ ಎತ್ತಿ ಬಾಯಿಗೆ ಇಟ್ಟುಬಿಟ್ಟರು. ವಾಸನೆ ಬಡಿದು ತಕ್ಷಣ ಉಗುಳಿದರು, ಏನೂ ಆಗಲಿಲ್ಲ. ಮನೆಯಲ್ಲಿ ಎರಡೂವರೆ ವರ್ಷದ ಮಗಳಿದ್ದಾಳೆ. ಹೆಸರು ಬರೆದಿಟ್ಟರೆ ಸಾಲದಾ? ಯಾರಾದರೂ ನುಂಗಿಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಕಾ, ಹಾಲು ಕೊಡಬೇಕಾ?

ಉತ್ತರ: ಮೊದಲು ನಿಮ್ಮ ಮಾವನ ವಿಷಯ ಹೇಳಿಬಿಡುತ್ತೇನೆ. ಅವರು ನುಂಗಿಲ್ಲ, ಉಗುಳಿದ್ದಾರೆ. ಆಗಿ ಒಂದು ವಾರವೂ ಕಳೆದಿದೆ. ಈಗ ಊಟ, ನೀರು ಸಲೀಸಾಗಿ ಇಳಿಯುತ್ತಿದ್ದರೆ, ಕೆಮ್ಮು ದಮ್ಮು ಏನೂ ಇಲ್ಲದಿದ್ದರೆ ಹೆದರುವುದು ಬೇಡ. ನುಂಗುವಾಗ ಎದೆಯಲ್ಲಿ ಎಲ್ಲೋ ಹಿಡಿದ ಹಾಗೆ ಆಗುತ್ತದೆ ಅಂತ ಅವರು ಹೇಳಿದರೆ ಮಾತ್ರ ಡಾಕ್ಟರಿಗೆ ತೋರಿಸಿ, ಮತ್ತು ಏನು ಬಾಯಿಗೆ ಹೋಗಿತ್ತು ಅನ್ನುವುದನ್ನು ಮರೆಯದೆ ಹೇಳಿ.

ಅವತ್ತು ಅವರನ್ನು ಕಾಪಾಡಿದ್ದು ವಾಸನೆ. ನೀವು ಬರೆದಿಟ್ಟ ಹೆಸರಲ್ಲ. ಅದೇ ಸಿಂಕ್ ಕೆಳಗಿರುವ ಡ್ರೈನ್ ಕ್ಲೀನರ್ ಬಾಟಲಿ ಅವರ ಕೈಗೆ ಸಿಕ್ಕಿದ್ದರೆ? ಕಟ್ಟಿಕೊಂಡ ಪೈಪು ಬಿಡಿಸುವ ದ್ರವಗಳಲ್ಲಿ ಬಹಳಷ್ಟು ಕಾಸ್ಟಿಕ್ ಸೋಡಾ ಕರಗಿಸಿದ ನೀರು. ಎಷ್ಟೋ ಸಲ ಅದಕ್ಕೆ ಬಣ್ಣ ಇರಲ್ಲ, ಮೂಗಿಗೆ ಬಡಿಯುವ ವಾಸನೆಯೂ ಇರಲ್ಲ. ನೀರಿನ ಬಾಟಲಿಗೆ ಹಾಕಿದರೆ ನೋಡುವುದಕ್ಕೆ ನೀರೇ. ಹಾಗಾಗಿ ನಿಮ್ಮ ಪ್ರಶ್ನೆಗೆ ನಾನು ಆ ಒಂದು ಬಾಟಲಿಯನ್ನೇ ಮುಂದಿಟ್ಟುಕೊಂಡು ಉತ್ತರ ಕೊಡುತ್ತೇನೆ.

ನಾನು ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡುವವನು. ಕೆಲವು ವರ್ಷಗಳ ಹಿಂದೆ ಸಂಜೆ ಎಂಟು ಗಂಟೆಗೆ ಒಬ್ಬ ಯುವಕನನ್ನು ಕರೆತಂದರು. ಮೂವತ್ತರ ಆಸುಪಾಸು. ಅವರ ಮನೆಯ ಸಿಂಕ್ ಕಟ್ಟಿಕೊಂಡಿತ್ತು. ಪಕ್ಕದ ಮನೆಯವರು ತಮ್ಮ ಕ್ಯಾನ್‌ನಿಂದ ಸ್ವಲ್ಪ ಡ್ರೈನ್ ಕ್ಲೀನರ್ ಅನ್ನು ಅರ್ಧ ಲೀಟರ್ ನೀರಿನ ಬಾಟಲಿಗೆ ಹಾಕಿ ಕೊಟ್ಟಿದ್ದರು. ಸಹಾಯ ಮಾಡಬೇಕು ಅಂತಲೇ ಕೊಟ್ಟದ್ದು. ಮನೆಯವರು ಅರ್ಧ ಉಪಯೋಗಿಸಿ, ಉಳಿದದ್ದನ್ನು ಅಡುಗೆಮನೆ ಕಟ್ಟೆಯ ಮೇಲೆ ಇಟ್ಟರು. ಈತ ಓಡಿ ಬಂದು, ಬಾಯಾರಿ, ಫೋನಲ್ಲಿ ಮಾತಾಡುತ್ತಲೇ ಬಾಟಲಿ ಎತ್ತಿ ಒಂದು ಗುಟುಕು ಹಾಕಿದ. ಅಷ್ಟೇ, ಒಂದೇ ಗುಟುಕು.

ಒಂದು ಗುಟುಕು ಅಂದರೆ ಎಷ್ಟು? ಬಾಯಾರಿದ ದೊಡ್ಡವರ ಒಂದು ಗುಟುಕು 20ರಿಂದ 30 ಮಿಲಿಲೀಟರ್ ಆಗಿಬಿಡುತ್ತದೆ. ನಿಮ್ಮ ಮಗಳ ವಯಸ್ಸಿನ ಮಗುವಿನದು ಹೆಚ್ಚುಕಮ್ಮಿ ಒಂದು ಟೀ ಚಮಚ, ಅಂದರೆ 5 ಮಿಲಿಲೀಟರ್. ಕಾಸ್ಟಿಕ್ ಸೋಡಾದಂಥ ವಸ್ತುವಿಗೆ ಎರಡೂ ಜಾಸ್ತಿಯೇ.

ರುಚಿ ಕೆಟ್ಟದಾಗಿದ್ದರೆ ಉಗುಳುತ್ತೇವಲ್ಲ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನುಂಗುವುದು ಹಾಗೆ ನಡೆಯುವುದಿಲ್ಲ. ದ್ರವ ನಾಲಿಗೆಯ ಹಿಂಭಾಗ ದಾಟುವ ತನಕ ಮಾತ್ರ ಅದು ನಮ್ಮ ಹಿಡಿತದಲ್ಲಿರುತ್ತದೆ. ದಾಟಿದ ಮೇಲೆ ಗಂಟಲು ತಾನೇ ಕೆಲಸ ಮುಗಿಸುತ್ತದೆ, ನಡುವೆ ನಿಲ್ಲಿಸಲು ಆಗುವುದಿಲ್ಲ. ಗೊತ್ತಿಲ್ಲದ ಲೋಟ ಕೊಟ್ಟರೆ ನಾವು ಮೂಸಿ, ತುಟಿಗೆ ಮುಟ್ಟಿಸಿ ನೋಡುತ್ತೇವೆ. ನೀರಿನ ಬಾಟಲಿಯನ್ನು ಯಾರೂ ಮೂಸುವುದಿಲ್ಲ. ಕೈ ಅದನ್ನು ಸಾವಿರ ಸಲ ಎತ್ತಿದೆ. ಮುಚ್ಚಳ ತಿರುವುದು, ತಲೆ ಹಿಂದಕ್ಕೆ ಬಾಗಿಸುವುದು, ಸುರಿದುಕೊಳ್ಳುವುದು, ಇದೆಲ್ಲ ಯೋಚನೆ ಇಲ್ಲದೆ ಆಗುತ್ತದೆ. ನೀವು ಪೆನ್ನಲ್ಲಿ ಬರೆದ ಹೆಸರು ಕೆಲಸ ಮಾಡಬೇಕಾದರೆ ಕುಡಿಯುವವರು ಮೊದಲು ಓದಬೇಕು. ನೀರು ಕುಡಿಯುವ ಮುಂಚೆ ಬಾಟಲಿ ಮೇಲೆ ಏನು ಬರೆದಿದೆ ಅಂತ ನೀವು ಕೊನೆಯ ಸಲ ಓದಿದ್ದು ಯಾವಾಗ? ನಿಮ್ಮ ಮಾವನ ಹತ್ತಿರ ಕನ್ನಡಕ ಇರಲಿಲ್ಲ. ನಿಮ್ಮ ಮಗಳಿಗೆ ಓದಲು ಬರುವುದಿಲ್ಲ. ರಾತ್ರಿ ದೀಪ ಹಾಕದೆ ಅಡುಗೆಮನೆಗೆ ಬರುವ ಯಾರಿಗೂ ಅದು ಕಾಣುವುದಿಲ್ಲ.

ಆ ಯುವಕನ ಕಥೆಗೆ ಬರುತ್ತೇನೆ. ಬಾಯಿ ಉರಿದ ಕೂಡಲೆ ಆತ ಕಿರುಚಿದ. ಮನೆಯವರು ಓಡಿ ಬಂದು, ತಮಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದರು. ಎರಡು ಲೋಟ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದರು. ಇಂಥದ್ದಕ್ಕೆ ಹುಳಿ ಮದ್ದು ಅಂತ ಯಾರೋ ಹೇಳಿದರೆಂದು ನಿಂಬೆರಸ ಕೊಟ್ಟರು. ಮತ್ತೆ ವಾಂತಿ ಆಯಿತು. ಇದರಲ್ಲಿ ಮುಕ್ಕಾಲು ಗಂಟೆ ಹೋಯಿತು. ಆಸ್ಪತ್ರೆಗೆ ಬಂದಾಗ ಜೊಲ್ಲು ಸುರಿಯುತ್ತಿತ್ತು, ತನ್ನ ಉಗುಳನ್ನೇ ನುಂಗಲು ಆಗುತ್ತಿರಲಿಲ್ಲ. ನಾವು ಕೇಳಿದ ಮೊದಲ ಪ್ರಶ್ನೆ, ಏನು ಕುಡಿದದ್ದು? 'ಪೈಪಿಗೆ ಹಾಕುವ ಲಿಕ್ವಿಡ್' ಅಂದರು. ಅದು ಆ್ಯಸಿಡ್ಡೋ ಕಾಸ್ಟಿಕ್ಕೋ ಅವರಿಗೆ ಗೊತ್ತಿರಲಿಲ್ಲ, ಯಾಕೆಂದರೆ ಎರಡೂ ತರಹದವು ಸಿಗುತ್ತವೆ. ಬಾಟಲಿಯನ್ನು ಗಾಬರಿಯಲ್ಲಿ ಚೆಲ್ಲಿ ಬಂದಿದ್ದರು. ಕೊನೆಗೆ ಪಕ್ಕದ ಮನೆಯವರಿಗೆ ಫೋನ್ ಮಾಡಿ, ಅವರು ಮೂಲ ಕ್ಯಾನಿನ ಲೇಬಲ್ ಫೋಟೊ ತೆಗೆದು ಕಳಿಸಿದ ಮೇಲೆ ನಮಗೆ ವಸ್ತು ಯಾವುದು, ಎಷ್ಟು ಶೇಕಡಾ ಅಂತ ತಿಳಿಯಿತು.

ಕಾಸ್ಟಿಕ್ ಸೋಡಾ ಒಳಗೆ ಏನು ಮಾಡುತ್ತದೆ ಅಂತ ತಿಳಿದರೆ ಮುಂದಿನ ಮಾತೆಲ್ಲ ಸುಲಭ. ಎಣ್ಣೆಗೆ ಕಾಸ್ಟಿಕ್ ಸೋಡಾ ಹಾಕಿದರೆ ಸೋಪು ಆಗುತ್ತದೆ, ಅಲ್ವಾ? ಅನ್ನನಾಳದ ಒಳಪದರದಲ್ಲಿರುವ ಕೊಬ್ಬಿಗೂ ಅದೇ ಗತಿ. ಅದು ಕರಗಿ ಲೋಳೆಯಾಗುತ್ತದೆ, ಜೊತೆಗೆ ಪ್ರೋಟೀನೂ ಕರಗುತ್ತದೆ. ದಾರಿ ಬಿಟ್ಟುಕೊಡುವ ಲೋಳೆಯ ಮೂಲಕ ಕ್ಷಾರ ಇನ್ನೂ ಆಳಕ್ಕೆ ಇಳಿಯುತ್ತದೆ. ಬಲವಾದ ಆ್ಯಸಿಡ್ ಬೇರೆ ರೀತಿ ಸುಡುತ್ತದೆ. ಅದು ಮೇಲ್ಪದರವನ್ನು ಗಟ್ಟಿ ಮಾಡಿ ಹಕ್ಕಳೆ ಕಟ್ಟಿಸುತ್ತದೆ, ಆ ಹಕ್ಕಳೆ ಸ್ವಲ್ಪ ಮಟ್ಟಿಗೆ ತಡೆಯಾಗುತ್ತದೆ. ಆದರೆ ಹೊಟ್ಟೆಯಲ್ಲಿ ಹೋಗಿ ನಿಂತು ಅಲ್ಲಿ ಸುಡುತ್ತದೆ. ಹಾಗಾಗಿ ಆ್ಯಸಿಡ್ ವಾಸಿ ಅಂತ ಹೇಳಲಾರೆ. ಎರಡೂ ಮೊದಲ ಕೆಲವು ನಿಮಿಷಗಳಲ್ಲೇ ಬಹುಪಾಲು ಕೆಲಸ ಮುಗಿಸಿಬಿಡುತ್ತವೆ. ಹೊಟ್ಟೆಗೆ ಹೋದದ್ದನ್ನು ಹೊರಗೆ ತರುವ ಹಟ ಯಾಕೆ ದಂಡ ಅನ್ನುವುದಕ್ಕೆ ಇದೊಂದು ಕಾರಣ.

'ನಾವು ನೀರು ಬೆರೆಸಿ ತೆಳ್ಳಗೆ ಮಾಡಿ ಇಟ್ಟಿರ್ತೀವಿ' ಅಂತಲೂ ಜನ ಹೇಳುತ್ತಾರೆ. ಇದರಲ್ಲಿ ಒಂದು ಮೋಸ ಇದೆ. ನೂರು ಭಾಗ ನೀರಲ್ಲಿ ಒಂದೇ ಭಾಗ ಕಾಸ್ಟಿಕ್ ಸೋಡಾ ಇದ್ದರೂ ಅದರ ಪಿಎಚ್, ಅಂದರೆ ಹುಳಿ ಕ್ಷಾರ ಅಳೆಯುವ ಅಂಕಿ, 13ರ ಮೇಲಿರುತ್ತದೆ. ಅದಕ್ಕೆ ಇನ್ನೂ ಹತ್ತು ಪಟ್ಟು ನೀರು ಸೇರಿಸಿದರೆ ಇಳಿಯುವುದು ಒಂದೇ ಅಂಕಿ, ಸುಮಾರು 12ಕ್ಕೆ. 12ರ ಹತ್ತಿರದ ದ್ರವ ಕೂಡ ಅನ್ನನಾಳವನ್ನು ಸುಡಬಲ್ಲದು. ಬಟ್ಟೆಗೆ ಹಾಕುವ ಸಾಧಾರಣ ಬ್ಲೀಚ್ ಸುಮಾರು 5 ಶೇಕಡಾದ್ದು, ಒಂದು ಗುಟುಕು ಹೋದರೆ ಹೆಚ್ಚಾಗಿ ಬಾಯಿ, ಗಂಟಲು ಉರಿದು ಒಂದೆರಡು ಸಲ ವಾಂತಿಯಾಗಿ ನಿಲ್ಲುತ್ತದೆ. ಅದೇ ಬ್ಲೀಚ್ 10 ಶೇಕಡಾ ಅಥವಾ ಅದಕ್ಕಿಂತ ಗಟ್ಟಿಯದಾದರೆ ನಿಜವಾದ ಸುಟ್ಟ ಗಾಯ ಮಾಡುತ್ತದೆ. ನಿಮ್ಮ ಬಾಟಲಿಯ ಮೇಲೆ 'ಬ್ಲೀಚ್' ಅಂತ ಮಾತ್ರ ಬರೆದಿದೆ. ಯಾವ ಬ್ಲೀಚ್ ಅಂತ ನನಗೆ ಹೇಗೆ ಗೊತ್ತಾಗಬೇಕು?

ಬೇರೆ ಬಾಟಲಿಗೆ ಸುರಿದಾಗ ಕಳೆದುಹೋಗುವುದು ಲೇಬಲ್ ಒಂದೇ ಅಲ್ಲ. ಮೂಲ ಡಬ್ಬಿಯ ಮುಚ್ಚಳವೂ ಹೋಗುತ್ತದೆ. ಒತ್ತಿ ತಿರುವಬೇಕಾದ ಆ ಮುಚ್ಚಳ ಮಕ್ಕಳಿಗೆಂದೇ ಮಾಡಿದ್ದು. ಅದು ಪೂರ್ತಿ ಭದ್ರ ಅಂತ ಮಾತ್ರ ನಂಬಬೇಡಿ. ಅಮೆರಿಕದಲ್ಲಿ ಇಂಥ ಮುಚ್ಚಳಗಳ ಪರೀಕ್ಷೆ ಹೀಗೆ ನಡೆಯುತ್ತದೆ: ಮೂರೂವರೆಯಿಂದ ನಾಲ್ಕು ವರ್ಷ ದಾಟಿದ ಮಕ್ಕಳ ಕೈಗೆ ಡಬ್ಬಿ ಕೊಟ್ಟು 5 ನಿಮಿಷ ಬಿಡುತ್ತಾರೆ, ಆಮೇಲೆ ತೆರೆಯುವುದು ಹೇಗೆ ಅಂತ ಒಮ್ಮೆ ತೋರಿಸಿ ಇನ್ನೂ 5 ನಿಮಿಷ ಬಿಡುತ್ತಾರೆ. ಕೊನೆಗೆ ನೂರರಲ್ಲಿ 80 ಮಕ್ಕಳಿಗೆ ತೆರೆಯಲು ಆಗದಿದ್ದರೆ ಮುಚ್ಚಳ ಪಾಸು. ಉಳಿದ 20 ಮಕ್ಕಳು ತೆರೆದರೂ ಪಾಸೇ. ಅಂದರೆ ಆ ಮುಚ್ಚಳ ನಿಮಗೆ ಕೆಲವು ನಿಮಿಷ ಸಮಯ ಕೊಡುತ್ತದೆ ಅಷ್ಟೇ. ನೀರಿನ ಬಾಟಲಿಯ ಮುಚ್ಚಳ ಆ ಕೆಲವು ನಿಮಿಷವನ್ನೂ ಕೊಡುವುದಿಲ್ಲ. ನಿಮ್ಮ ಮಗಳು ಈಗಾಗಲೇ ಅದನ್ನು ತಿರುಗಿಸಲು ಕಲಿತಿರಬಹುದು, ಒಮ್ಮೆ ಗಮನಿಸಿ.

ಬಾಟಲಿಯ ಪ್ಲಾಸ್ಟಿಕ್ಕಿನದೂ ಒಂದು ತಾಪತ್ರಯ. ತೆಳುವಾದ, ಪಾರದರ್ಶಕ ನೀರಿನ ಬಾಟಲಿಯ ಪ್ಲಾಸ್ಟಿಕ್ಕನ್ನು ಗಟ್ಟಿ ಕಾಸ್ಟಿಕ್ ಸೋಡಾ ನಿಧಾನಕ್ಕೆ ತಿನ್ನುತ್ತದೆ. ಅಲ್ಯೂಮಿನಿಯಂ ಬಾಟಲಿಗೆ ಹಾಕಿದರಂತೂ ಹೈಡ್ರೋಜನ್ ಅನಿಲ ಹುಟ್ಟಿ ಒತ್ತಡ ಏರುತ್ತದೆ. ಬ್ಲೀಚ್ ಬೆಳಕಿಗೆ ಕೆಡುತ್ತದೆ, ಕೆಡುವಾಗ ಅನಿಲ ಬಿಡುತ್ತದೆ. ಅದಕ್ಕೇ ಕಂಪನಿಯವರು ಅದನ್ನು ಬೆಳಕು ತೂರದ, ದಪ್ಪ ಡಬ್ಬಿಯಲ್ಲಿ ಕೊಡುವುದು. ಇನ್ನೊಂದು ಅಪಾಯ ನಿಮ್ಮ ಸಿಂಕ್ ಕೆಳಗೆ ಈಗಲೇ ಇದೆ. ಒಂದೇ ತರಹದ ಮೂರು ಬಾಟಲಿಗಳು ಪಕ್ಕಪಕ್ಕ ಇವೆ. ಮನೆಯ ಇನ್ಯಾರೋ ಅರ್ಧ ಖಾಲಿಯಾದ ಬ್ಲೀಚ್ ಬಾಟಲಿಗೆ ಆ್ಯಸಿಡ್ ಇರುವ ಟಾಯ್ಲೆಟ್ ಕ್ಲೀನರ್ ತುಂಬಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅಮೋನಿಯಾ ಇರುವ ಗಾಜು ಒರೆಸುವ ದ್ರವ ಸೇರಿದರೆ ಕ್ಲೋರಮಿನ್ ಅನ್ನುವ ವಿಷಾನಿಲ. ಇವನ್ನು ಯಾರೂ ಕುಡಿಯಬೇಕಾಗಿಲ್ಲ, ಉಸಿರಾಡಿದರೆ ಸಾಕು.

ಈಗ ನಿಮ್ಮ ಎರಡನೇ ಪ್ರಶ್ನೆ, ನುಂಗಿಬಿಟ್ಟರೆ ಏನು ಮಾಡಬೇಕು. ನಿಮ್ಮ ಮಗಳೇ ಬಾಟಲಿ ಹಿಡಿದು ನಿಂತಿದ್ದಾಳೆ ಅಂದುಕೊಳ್ಳೋಣ. ಕಿರುಚಬೇಡಿ. ಮಗು ಬೆಚ್ಚಿ ಬಾಯಲ್ಲಿರುವುದನ್ನು ನುಂಗಿಬಿಡುತ್ತದೆ, ಇಲ್ಲವೇ ಅದು ಶ್ವಾಸನಾಳಕ್ಕೆ ಹೋಗುತ್ತದೆ. ಬಾಟಲಿ ತೆಗೆದುಕೊಂಡು ದೂರ ಇಡಿ, ಚೆಲ್ಲಬೇಡಿ. ಮಗುವನ್ನು ಮುಂದಕ್ಕೆ ಬಾಗಿಸಿ, ಬಾಯಲ್ಲಿ ಉಳಿದದ್ದನ್ನು ಉಗುಳಿಸಿ. ಒದ್ದೆ ಬಟ್ಟೆ ಬೆರಳಿಗೆ ಸುತ್ತಿ ನಾಲಿಗೆ, ಕೆನ್ನೆಯ ಒಳಭಾಗ, ತುಟಿ ಒರೆಸಿ. ದೊಡ್ಡವರಾದರೆ ನೀರಲ್ಲಿ ಬಾಯಿ ಮುಕ್ಕಳಿಸಿ ಉಗುಳಲಿ, ಮೂರು ನಾಲ್ಕು ಸಲ. ನುಂಗಬಾರದು. ಬಟ್ಟೆ ಮೇಲೆ ಚೆಲ್ಲಿಕೊಂಡಿದ್ದರೆ ಆ ಬಟ್ಟೆ ಬಿಚ್ಚಿ, ಮೈಯನ್ನು ಹರಿಯುವ ನೀರಲ್ಲಿ ತೊಳೆಯಿರಿ. ಕಣ್ಣಿಗೆ ಸಿಡಿದಿದ್ದರೆ ಕನಿಷ್ಠ 15 ನಿಮಿಷ ನೀರು ಹಾಯಿಸುತ್ತಲೇ ಇರಬೇಕು. ಗಾಬರಿಯಲ್ಲಿ ಬಾಯಿ ನೋಡುತ್ತಾ ಕಣ್ಣು ಮರೆತವರನ್ನು ನಾನು ಕಂಡಿದ್ದೇನೆ.

ಆಮೇಲೆ ಫೋನ್. ಮಗುವಿಗೆ ಉಸಿರಾಟ ಕಷ್ಟವಾಗಿದ್ದರೆ, ಜೋಂಪು ಹತ್ತಿದ್ದರೆ, ಪ್ರಜ್ಞೆ ಇಲ್ಲದಿದ್ದರೆ, ಫಿಟ್ಸ್ ಬಂದರೆ ಬೇರೇನೂ ಯೋಚಿಸದೆ ಆಂಬುಲೆನ್ಸ್ ಕರೆಯಿರಿ. ಪ್ರಜ್ಞೆ ತಪ್ಪಿ ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ವಾಂತಿಯಾದರೂ ಒಳಗೆ ಹೋಗಬಾರದು. ಈ ಲಕ್ಷಣಗಳು ಇಲ್ಲದಿದ್ದರೆ ನಿಮ್ಮ ಭಾಗದ ವಿಷ ಮಾಹಿತಿ ಕೇಂದ್ರಕ್ಕೆ ಫೋನ್ ಮಾಡಿ, ಬಾಟಲಿ ಕೈಯಲ್ಲಿ ಹಿಡಿದೇ ಮಾತಾಡಿ. ಏನು, ಎಷ್ಟು ಶೇಕಡಾ, ಎಷ್ಟು ಹೋಗಿರಬಹುದು, ಯಾವಾಗ, ಮಗುವಿನ ತೂಕ ಎಷ್ಟು, ಈಗ ಹೇಗಿದೆ ಅಂತ ಅವರು ಕೇಳುತ್ತಾರೆ. ಎಷ್ಟು ಹೋಗಿದೆ ಅಂತ ಗೊತ್ತಾಗದಿದ್ದರೆ ಬಾಟಲಿಯಲ್ಲಿ ಮೊದಲು ಎಷ್ಟಿತ್ತು, ಈಗ ಎಷ್ಟಿದೆ, ನೆಲದ ಮೇಲೆ ಎಷ್ಟು ಚೆಲ್ಲಿದೆ ಅಂತ ಹೇಳಿ, ಲೆಕ್ಕ ಅವರು ಹಾಕುತ್ತಾರೆ. ಈ ಕೇಂದ್ರದ ನಂಬರನ್ನೂ ಆಂಬುಲೆನ್ಸ್ ನಂಬರನ್ನೂ ಇವತ್ತೇ ಹುಡುಕಿ ಮನೆಯ ಎಲ್ಲರ ಫೋನಿಗೆ ಹಾಕಿ. ನಂಬರ್ ಕೈಯಲ್ಲಿ ಇಲ್ಲ ಅಂತ ಹುಡುಕುತ್ತಾ ಕೂರಬೇಡಿ. ಆಗ ನೇರ ಆಸ್ಪತ್ರೆಗೆ ಹೊರಡಿ. ಡ್ರೈನ್ ಕ್ಲೀನರ್, ಆ್ಯಸಿಡ್ ಆಗಿದ್ದರೆ ಮಗು ಚೆನ್ನಾಗಿಯೇ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ಬಾಟಲಿಯನ್ನು ಮುಚ್ಚಳ ಬಿಗಿದು, ನೆಟ್ಟಗೆ ನಿಲ್ಲಿಸಿ ಜೊತೆಗೆ ತನ್ನಿ. ಮೂಲ ಕ್ಯಾನ್ ಇದ್ದರೆ ಅದರ ಲೇಬಲ್ ಫೋಟೊ ತೆಗೆದುಕೊಳ್ಳಿ.

ಹಾಲು ಕೊಡಬೇಕಾ ಅಂತ ಕೇಳಿದ್ದೀರಿ. ಹಾಲು ಇದಕ್ಕೆ ಮದ್ದಲ್ಲ. ಒಂದೆರಡು ಗುಟುಕು ನೀರು ಅಥವಾ ಹಾಲು ಬಾಯಿ, ಅನ್ನನಾಳಕ್ಕೆ ಅಂಟಿದ್ದನ್ನು ಸ್ವಲ್ಪ ತೊಳೆಯಬಹುದು. ಕೆಲವು ಸಂದರ್ಭದಲ್ಲಿ ಕೇಂದ್ರದವರು ಹಾಗೆ ಕೊಡಲು ಹೇಳುತ್ತಾರೆ. ಅವರು ಹೇಳಿದರೆ ಕೊಡಿ, ಅದೂ ಮಗು ಎಚ್ಚರವಾಗಿದ್ದು, ಸಲೀಸಾಗಿ ನುಂಗುತ್ತಿದ್ದು, ವಾಂತಿ ಇಲ್ಲದಿದ್ದರೆ ಮಾತ್ರ. ಜೊಲ್ಲು ಸುರಿಯುತ್ತಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ. ಲೋಟಗಟ್ಟಲೆ ಕುಡಿಸಿದರೆ ಹೊಟ್ಟೆ ಉಬ್ಬಿ ವಾಂತಿಯಾಗುತ್ತದೆ, ತಡೆಯಬೇಕಾದದ್ದೇ ಅದನ್ನು. ಆಸ್ಪತ್ರೆಯಲ್ಲಿ ಎಂಡೋಸ್ಕೋಪಿ, ಅಂದರೆ ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ ಒಳಗೆ ನೋಡುವ ಪರೀಕ್ಷೆ, ಮಾಡಬೇಕಾದಾಗ ಹೊಟ್ಟೆ ತುಂಬ ಹಾಲಿದ್ದರೆ ನಮಗೂ ಕಷ್ಟ.

ವಾಂತಿ ಮಾಡಿಸಲೇಬಾರದು. ಬೆರಳು ಹಾಕಿಯೂ ಬೇಡ, ಉಪ್ಪುನೀರೂ ಬೇಡ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಪ್ರೀತಿಯಿಂದ ಮಾಡುವ ತಪ್ಪುಗಳಲ್ಲಿ ಇದೇ ದೊಡ್ಡದು. ಅನ್ನನಾಳವನ್ನು ಒಮ್ಮೆ ಸುಟ್ಟು ಕೆಳಗಿಳಿದ ದ್ರವ ವಾಂತಿಯಲ್ಲಿ ಅದೇ ದಾರಿಯಲ್ಲಿ ಹಿಂದಕ್ಕೆ ಬಂದು ಎರಡನೇ ಸಲ ಸುಡುತ್ತದೆ. ಮೇಲೆ ಬಂದದ್ದರಲ್ಲಿ ಕೆಲವು ಹನಿ ಶ್ವಾಸಕೋಶಕ್ಕೂ ಇಳಿಯಬಹುದು. ಸೀಮೆಎಣ್ಣೆ, ಟರ್ಪೆಂಟೈನ್, ಪೈನ್ ಎಣ್ಣೆ ಇರುವ ಕ್ಲೀನರುಗಳಲ್ಲಿ ಇದೇ ಮುಖ್ಯ ಅಪಾಯ. ಅವು ಹೊಟ್ಟೆಯಲ್ಲಿ ಮಾಡುವುದಕ್ಕಿಂತ ಜಾಸ್ತಿ ಹಾನಿಯನ್ನು ಶ್ವಾಸಕೋಶದಲ್ಲಿ ಮಾಡುತ್ತವೆ, ಅದಕ್ಕೆ ಒಂದು ಮಿಲಿಲೀಟರಿಗಿಂತ ಕಡಿಮೆ ಸಾಕು. ಪಾತ್ರೆ ತೊಳೆಯುವ ಲಿಕ್ವಿಡ್, ಬಟ್ಟೆ ಸೋಪಿನ ದ್ರವ ನೊರೆ ಬರುತ್ತವೆ, ಆ ನೊರೆಯೂ ಉಸಿರಿನ ದಾರಿಗೆ ಹೋಗುತ್ತದೆ. ಉಪ್ಪುನೀರಿನದು ಬೇರೆಯದೇ ಕೇಡು. ಚಿಕ್ಕ ಮಗುವಿಗೆ ಗಟ್ಟಿ ಉಪ್ಪುನೀರು ಕುಡಿಸಿದರೆ ರಕ್ತದಲ್ಲಿ ಸೋಡಿಯಂ ಏರಿ ಮಿದುಳಿಗೆ ಪೆಟ್ಟಾಗುತ್ತದೆ, ಜೀವವೂ ಹೋಗಬಹುದು. ಹಿಂದೆ ವಾಂತಿ ಮಾಡಿಸಲೆಂದೇ ಇಪೆಕಾಕ್ ಅನ್ನುವ ಸಿರಪ್ಪನ್ನು ಮನೆಯಲ್ಲಿ ಇಟ್ಟುಕೊಳ್ಳಿ ಅಂತ ಡಾಕ್ಟರುಗಳೇ ಹೇಳುತ್ತಿದ್ದ ಕಾಲ ಇತ್ತು. 2003ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘ ಅದನ್ನು ಮನೆಗಳಲ್ಲಿ ಬಳಸುವುದು ಬೇಡ ಎಂದು ಹೇಳಿತು. ನಿಮ್ಮ ಮನೆಯ ಹಿರಿಯರು ವಾಂತಿ ಮಾಡಿಸಿ ಅಂದರೆ ಅವರ ಮೇಲೆ ಸಿಟ್ಟಾಗಬೇಡಿ. ಅವರು ಕಲಿತಾಗ ಅದೇ ಪಾಠವಾಗಿತ್ತು.

ನಿಂಬೆರಸ, ವಿನೆಗರ್, ಅಡುಗೆ ಸೋಡಾ ಕೂಡ ಬೇಡ. ಆ್ಯಸಿಡ್ಡಿಗೆ ಸೋಡಾ ಸೇರಿದರೆ ಹೊಟ್ಟೆಯಲ್ಲಿ ಅನಿಲ ತುಂಬಿ ಉಬ್ಬುತ್ತದೆ. ಹುಳಿ, ಕ್ಷಾರ ಸೇರಿದಾಗ ಶಾಖ ಹುಟ್ಟುತ್ತದೆ. ಈಗಾಗಲೇ ಸುಟ್ಟ ಜಾಗಕ್ಕೆ ಅದ್ಯಾಕೆ? ಬೇರೆ ಕೆಲವು ವಿಷಗಳಿಗೆ ಕೊಡುವ ಇದ್ದಿಲು ಪುಡಿಯೂ ಇಲ್ಲಿ ಕೆಲಸ ಮಾಡುವುದಿಲ್ಲ. ಕಾಸ್ಟಿಕ್ಕನ್ನಾಗಲಿ ಆ್ಯಸಿಡ್ಡನ್ನಾಗಲಿ ಅದು ಹೀರಿಕೊಳ್ಳುವುದಿಲ್ಲ, ಎಂಡೋಸ್ಕೋಪಿಯಲ್ಲಿ ನಮಗೆ ಎಲ್ಲವನ್ನೂ ಕಪ್ಪಾಗಿಸುತ್ತದೆ ಅಷ್ಟೇ.

ಮಗುವಿನ ಬಾಯಿ ನೋಡಿ, ಕೆಂಪಾಗಿಲ್ಲ, ಹಾಗಾದರೆ ಪರವಾಗಿಲ್ಲ ಅಂತ ತೀರ್ಮಾನಿಸಬೇಡಿ. ದ್ರವ ಬಾಯಲ್ಲಿ ಒಂದು ಕ್ಷಣ ಇರುತ್ತದೆ, ಅನ್ನನಾಳದಲ್ಲಿ ಜಾಸ್ತಿ ಹೊತ್ತು. ಬಾಯಿ ಶುಭ್ರವಾಗಿದ್ದು ಕೆಳಗೆ ಸುಟ್ಟಿರುವುದು ನಮಗೆ ಹೊಸದಲ್ಲ. ನೀವು ನೋಡಬೇಕಾದದ್ದು ಬೇರೆ. ಜೊಲ್ಲು ಸುರಿಯುತ್ತಿದೆಯಾ, ನೀರು ಕೊಟ್ಟರೆ ಬೇಡ ಅನ್ನುತ್ತಿದೆಯಾ, ದನಿ ಗೊಗ್ಗರಾಗಿದೆಯಾ, ಉಸಿರೆಳೆಯುವಾಗ ಕೀಚು ಸದ್ದು ಬರುತ್ತಿದೆಯಾ, ಮತ್ತೆ ಮತ್ತೆ ವಾಂತಿ ಆಗುತ್ತಿದೆಯಾ, ಎದೆ ಅಥವಾ ಹೊಟ್ಟೆ ಹಿಡಿದು ಅಳುತ್ತಿದೆಯಾ. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಒಳಗೆ ಗಾಯ ದೊಡ್ಡದಿರುವ ಸಾಧ್ಯತೆ ಹೆಚ್ಚು. ಉಸಿರಿನ ಸದ್ದು ಒಂದೇ ಕಂಡರೂ ತಡ ಮಾಡಬಾರದು. ಸೀಮೆಎಣ್ಣೆ, ಟರ್ಪೆಂಟೈನ್‌ನಂಥದ್ದು ಹೋಗಿದ್ದರೆ ಮೊದಲು ಒಂದು ಕೆಮ್ಮು ಬಂದು ನಿಂತು, ಕೆಲವು ಗಂಟೆ ಆದಮೇಲೆ ದಮ್ಮು ಶುರುವಾಗಬಹುದು. ಅದಕ್ಕೇ ಅಂಥ ಮಕ್ಕಳನ್ನು ನಾವು ಸುಮಾರು 6 ಗಂಟೆ ಕಣ್ಣಳತೆಯಲ್ಲೇ ಇಟ್ಟುಕೊಳ್ಳುತ್ತೇವೆ.

ಆ ಯುವಕನಿಗೆ ಮಾರನೆಯ ಬೆಳಗ್ಗೆ ಎಂಡೋಸ್ಕೋಪಿ ಮಾಡಿದೆವು. ಕ್ಷಾರ ನುಂಗಿದವರಿಗೆ ಇದನ್ನು ಸಾಮಾನ್ಯವಾಗಿ ಮೊದಲ 24 ಗಂಟೆಯೊಳಗೆ ಮಾಡುತ್ತೇವೆ. ತಡವಾದಷ್ಟೂ ಗೋಡೆ ಮೆತ್ತಗಾಗಿ ತೂತು ಬೀಳುವ ಭಯ. ಅನ್ನನಾಳದ ನಡುಭಾಗದಲ್ಲಿ ಸುತ್ತಲೂ ಸುಟ್ಟಿತ್ತು. ಎರಡು ವಾರದಲ್ಲಿ ನೋವು ಇಳಿಯಿತು, ಮೆತ್ತನೆಯದ್ದನ್ನು ತಿನ್ನಲು ಶುರು ಮಾಡಿದ, ಎಲ್ಲರಿಗೂ ನೆಮ್ಮದಿಯಾಯಿತು. ಐದನೇ ವಾರ ಮತ್ತೆ ಬಂದ. ಅನ್ನದ ಅಗುಳು ಸಿಕ್ಕಿಹಾಕಿಕೊಳ್ಳುತ್ತಿತ್ತು. ಸುಟ್ಟ ಗಾಯ ಮಾಯುವಾಗ ಚರ್ಮ ಬಿಗಿಯುವುದನ್ನು ನೋಡಿದ್ದೀರಲ್ಲ, ಹಾಗೇ ಒಳಗೆ ಕೊಳವೆ ಕಿರಿದಾಗುತ್ತದೆ. ಇದು ವಾರಗಳ ನಂತರ, ಕೆಲವೊಮ್ಮೆ ತಿಂಗಳುಗಳ ನಂತರ ಬರುವ ತೊಂದರೆ. ಆ ಜಾಗವನ್ನು ಬಲೂನಿನಿಂದ ಹಿಗ್ಗಿಸಿದೆವು, ಒಂದು ಸಲ ಅಲ್ಲ, ವರ್ಷದೊಳಗೆ ಏಳು ಸಲ. ಈಗ ಆತ ಊಟ ಮಾಡುತ್ತಾನೆ, ಚೆನ್ನಾಗಿ ಅಗಿದು, ನಿಧಾನಕ್ಕೆ. ಪ್ರತಿ ತುತ್ತಿನ ಜೊತೆ ಒಂದು ಗುಟುಕು ನೀರು ಬೇಕು. ಹಾಗಾಗಿ ಇಂಥದ್ದು ನುಂಗಿ ಆಸ್ಪತ್ರೆಯಿಂದ ಮನೆಗೆ ಬಂದವರು, ಎರಡು ಮೂರು ತಿಂಗಳು ಬಿಟ್ಟು ನುಂಗಲು ಕಷ್ಟವಾದರೂ, ಹಳೆಯದಕ್ಕೂ ಇದಕ್ಕೂ ಸಂಬಂಧವಿಲ್ಲ ಅಂತ ಬಿಡಬಾರದು.

ಈ ಹಾನಿಯನ್ನು ತಡೆಯಲು ಹಟ ತೊಟ್ಟವರು ಷೆವಾಲಿಯರ್ ಜಾಕ್ಸನ್ ಎಂಬ ಅಮೆರಿಕದ ಗಂಟಲಿನ ವೈದ್ಯರು. ಕಾಸ್ಟಿಕ್ ನುಂಗಿ ಅನ್ನನಾಳ ಮುಚ್ಚಿಹೋದ ಮಕ್ಕಳಿಗೆ ಅವರು ಚಿಕಿತ್ಸೆ ಕೊಡುತ್ತಿದ್ದರು. ಡಬ್ಬಿಗಳ ಮೇಲೆ 'ವಿಷ' ಅಂತ ಬರೆಯಲೇಬೇಕು ಎಂದು ಅವರು ವರ್ಷಗಟ್ಟಲೆ ಪಟ್ಟು ಹಿಡಿದದ್ದರಿಂದ 1927ರಲ್ಲಿ ಅಲ್ಲಿ ಕಾನೂನು ಬಂತು. ನಾವು ಬೇರೆ ಬಾಟಲಿಗೆ ಸುರಿದಾಗ ತೆಗೆದು ಬಿಸಾಡುವುದು ಆ ಲೇಬಲ್ಲನ್ನೇ.

ಹಾಗಾದರೆ ಮನೆಯಲ್ಲಿ ಎಲ್ಲಿ, ಹೇಗೆ ಇಡುವುದು? ಮೂಲ ಡಬ್ಬಿಯಲ್ಲೇ ಇಡಿ. ದೊಡ್ಡ ಕ್ಯಾನ್ ಎತ್ತಿ ಸುರಿಯಲು ಕಷ್ಟ ಅನ್ನುವುದು ನನಗೆ ಅರ್ಥವಾಗುತ್ತದೆ. ಎಲ್ಲರೂ ಬೇರೆ ಬಾಟಲಿಗೆ ಹಾಕುವುದು ಅದಕ್ಕೇ. ಆದರೆ ಡ್ರೈನ್ ಕ್ಲೀನರ್, ಆ್ಯಸಿಡ್, ಗಟ್ಟಿ ಬ್ಲೀಚ್ ಮೂರನ್ನೂ ಚಿಕ್ಕ ಪ್ಯಾಕಿನಲ್ಲೇ ಕೊಳ್ಳಿ, ಸ್ವಲ್ಪ ದುಬಾರಿಯಾದರೂ ಸರಿ. ನೆಲ ಒರೆಸುವ ದ್ರವವನ್ನು ಅಷ್ಟಷ್ಟೇ ಬಕೆಟ್ಟಿಗೆ ಹಾಕಿ ನೀರು ಬೆರೆಸಿ, ಉಳಿದದ್ದನ್ನು ಅಂದೇ ಚೆಲ್ಲಿ. ಬೆರೆಸಿ ಎತ್ತಿಡಬೇಡಿ. ಬಕೆಟ್ಟನ್ನು ಮಗು ಇರುವ ಕೋಣೆಯಲ್ಲಿ ಬಿಟ್ಟು ಹೋಗಬೇಡಿ. ಸಿಂಕ್ ಕೆಳಗಿನ ಜಾಗ ಮಗುವಿನ ಕಣ್ಣಿನ ಎತ್ತರಕ್ಕೇ ಇದೆ, ಅದು ಬೇಡವೇ ಬೇಡ. ನಿಮ್ಮ ಕಣ್ಣಿಗಿಂತ ಎತ್ತರದ, ಬೀಗ ಹಾಕುವ ಕಪಾಟು ಆಗಬೇಕು. ಕುರ್ಚಿ ಎಳೆದು ಹತ್ತುವ ವಯಸ್ಸು ಬಂದೇ ಬರುತ್ತದೆ, ಹಾಗಾಗಿ ಎತ್ತರ ಒಂದೇ ಸಾಲದು. ತಿನ್ನುವ, ಕುಡಿಯುವ ವಸ್ತು ಇರುವ ಕಪಾಟಿನಲ್ಲಿ ಇಡಬೇಡಿ. ಬ್ಲೀಚ್ ಒಂದು ಕಡೆ ಇದ್ದರೆ ಆ್ಯಸಿಡ್ ಕ್ಲೀನರ್ ಇನ್ನೊಂದು ಕಡೆ ಇರಲಿ, ಸೋರಿದರೂ ಸೇರಬಾರದು.

ಎಷ್ಟು ಭದ್ರವಾದ ಕಪಾಟಿದ್ದರೂ ಒಂದು ಹೊತ್ತು ಅದು ಕೆಲಸಕ್ಕೆ ಬರುವುದಿಲ್ಲ. ಡಬ್ಬಿ ಹೊರಗೆ ತೆಗೆದು ನೀವು ಬಳಸುತ್ತಿರುವ ಹೊತ್ತು. ಮುಚ್ಚಳ ಪಕ್ಕಕ್ಕಿಟ್ಟು ಬಾತ್‌ರೂಮ್ ತಿಕ್ಕುತ್ತಿರುತ್ತೀರಿ, ಬಾಗಿಲ ಬೆಲ್ ಹೊಡೆಯುತ್ತದೆ, ಎದ್ದು ಹೋಗುತ್ತೀರಿ. ಬೇಕಾದಷ್ಟು ಸುರಿದ ತಕ್ಷಣ ಮುಚ್ಚಳ ಬಿಗಿದು ಎತ್ತರಕ್ಕೆ ಇಟ್ಟು, ಆಮೇಲೆ ತಿಕ್ಕಲು ಕೂತುಕೊಳ್ಳಿ. ಯಾರಾದರೂ 'ಸ್ವಲ್ಪ ಕೊಡಿ' ಅಂತ ಖಾಲಿ ನೀರಿನ ಬಾಟಲಿ ಹಿಡಿದು ಬಂದರೆ, ಕ್ಯಾನನ್ನೇ ಕೊಟ್ಟು ಕೆಲಸ ಮುಗಿಸಿ ವಾಪಸ್ ತರಲು ಹೇಳಿ.

ಇನ್ನು ಈಗ ಸಿಂಕ್ ಕೆಳಗಿರುವ ಆ ಬಾಟಲಿಗಳು. ಮಗಳನ್ನು ಬೇರೆಯವರ ಹತ್ತಿರ ಬಿಟ್ಟು, ಕಿಟಕಿ ತೆರೆದು, ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡು ತೆಗೆಯಿರಿ. ಏನಿದೆ ಅಂತ ಮೂಸಿ ನೋಡಬೇಡಿ. ಕ್ಯಾನಿಗೆ ವಾಪಸ್ ಸುರಿಯಲೂ ಬೇಡಿ, ನಡುವೆ ಯಾರು ಏನು ಬೆರೆಸಿದ್ದಾರೋ ಗೊತ್ತಿಲ್ಲ. ಯಾವುದು ಅಂತ ಖಚಿತವಾಗಿ ಗೊತ್ತಿರುವ ಫ್ಲೋರ್ ಕ್ಲೀನರ್, ಬ್ಲೀಚ್ ಇದ್ದರೆ ಒಂದೊಂದನ್ನು ಬೇರೆ ಬೇರೆ ದಿನ, ತುಂಬ ನೀರು ಹರಿಸುತ್ತಾ ಖಾಲಿ ಮಾಡಿ. ಡ್ರೈನ್ ಕ್ಲೀನರನ್ನು ಅದರ ಕ್ಯಾನಿನ ಮೇಲೆ ಹೇಳಿದ ಅಳತೆಯಲ್ಲಿ ಪೈಪಿಗೇ ಹಾಕಿ ಮುಗಿಸಿ, ಅದೇ ದಿನ ಅದೇ ಪೈಪಿಗೆ ಬೇರೇನೂ ಹಾಕಬೇಡಿ. ಅನುಮಾನ ಇರುವ ಬಾಟಲಿಯನ್ನು ತೆರೆಯದೆ, ಅಪಾಯಕಾರಿ ಕಸ ಪಡೆಯುವ ಕಡೆಗೆ ಕೊಡಿ. ಅಲ್ಲಿಯ ತನಕ ಅದು ಬೀಗ ಹಾಕಿದ ಕಪಾಟಿನಲ್ಲಿ, ಬೇರೆಯಾಗಿ, ನೆಟ್ಟಗೆ ನಿಂತಿರಲಿ. ಖಾಲಿಯಾದ ಬಾಟಲಿಗಳನ್ನು ತೊಳೆದು, ಕತ್ತರಿಯಲ್ಲಿ ಎರಡು ತುಂಡು ಮಾಡಿ ಕಸಕ್ಕೆ ಹಾಕಿ, ಇನ್ಯಾರೂ ಅದರಲ್ಲಿ ನೀರು ತುಂಬದ ಹಾಗೆ.